‘ಯೂಸ್’ ಬದಲು ಏನು ಬರೆಯಲಿ? ಲ್ಯಾಬ್ ಮ್ಯಾನುಯಲ್ ಬರೆಯುವವರಿಗೊಂದು ಉತ್ತರ

ಪ್ರಶ್ನೆ: ಪದವಿ ತರಗತಿಗೆ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಮೊದಲ ವರ್ಷದವರಿಗಾಗಿ ಇಂಗ್ಲಿಷಿನಲ್ಲಿ ಲ್ಯಾಬ್ ಮ್ಯಾನುಯಲ್ ಬರೆಯುತ್ತಿದ್ದೇನೆ. ಕರಡು ಓದಿದ ಹಿರಿಯ ಸಹೋದ್ಯೋಗಿ, ‘ಎಲ್ಲಿ ನೋಡಿದರೂ ಯೂಸ್, ಯೂಸ್ ಅಂತಲೇ ಇದೆ, ಶಾಲೆ ಮಕ್ಕಳು ಬರೆದ ಹಾಗಿದೆ’ ಎಂದರು. ಅದಕ್ಕೆ ಕೆಲವು ಕಡೆ ಎಂಪ್ಲಾಯ್, ಕೆಲವು ಕಡೆ ಅಪ್ಲೈ, ಕೆಲವು ಕಡೆ ಯುಟಿಲೈಸ್ ಹಾಕಿದೆ. ಈಗ ಓದಿದರೆ ಏನೋ ಕೃತಕ ಅನಿಸುತ್ತಿದೆ. ಯಾವುದು ಎಲ್ಲಿಗೆ ಸರಿ? ಒಂದು ಪ್ರಯೋಗದ ಭಾಗವನ್ನು ಜೊತೆಗೆ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ನೀವು ಕಳಿಸಿದ ಭಾಗವನ್ನು ಎರಡು ಸಲ ಓದಿದೆ. ಹಿರಿಯರು ಎತ್ತಿದ ಆಕ್ಷೇಪದಲ್ಲಿ ಅರ್ಧ ನಿಜವಿದೆ. ‘ಯೂಸ್’ ನಿಮ್ಮ ಕರಡಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸಲ ಬಂದಿದೆ. ಆದರೆ ಅದಕ್ಕೆ ಕಾರಣ ನಿಮ್ಮ ಶಬ್ದಭಂಡಾರ ಸಣ್ಣದು ಎಂಬುದಲ್ಲ. ಆ ಪದ ಕುಳಿತಿರುವ ಬಹಳಷ್ಟು ಜಾಗಗಳಲ್ಲಿ ವಿದ್ಯಾರ್ಥಿ ಕೈಯಿಂದ ಏನು ಮಾಡಬೇಕು ಎಂಬುದು ಹೇಳದೇ ಉಳಿದಿದೆ. ಅಲ್ಲಿ ‘ಯೂಸ್’ ತೆಗೆದು ‘ಯುಟಿಲೈಸ್’ ಹಾಕಿದರೆ ಹೇಳದೇ ಉಳಿದದ್ದು ಹಾಗೇ ಉಳಿಯುತ್ತದೆ, ಪದ ಮಾತ್ರ ಉದ್ದವಾಗುತ್ತದೆ. ನಿಮಗೆ ಕೃತಕ ಅನಿಸಿದ್ದು ಇದೇ ಕಾರಣಕ್ಕೆ.

ಮೊದಲು ಎರಡು ತಪ್ಪು ನಂಬಿಕೆಗಳನ್ನು ಪಕ್ಕಕ್ಕಿಡೋಣ. ಒಂದೇ ಪದ ಮತ್ತೆ ಮತ್ತೆ ಬರಬಾರದು ಎಂಬುದು ಪ್ರಬಂಧ ಬರೆಯುವಾಗ ನಾವೆಲ್ಲ ಕಲಿತ ಪಾಠ. ಮ್ಯಾನುಯಲ್‌ನಲ್ಲಿ ಅದು ತಿರುಗಿ ಕಾಡುತ್ತದೆ. ಮೂರನೇ ಹಂತದಲ್ಲಿ ‘ರಿನ್ಸ್’ ಎಂದು ಬರೆದು ಐದನೇ ಹಂತದಲ್ಲಿ ಅದೇ ಕೆಲಸಕ್ಕೆ ‘ವಾಶ್’ ಎಂದರೆ, ಗಮನವಿಟ್ಟು ಓದುವ ವಿದ್ಯಾರ್ಥಿ ಎರಡಕ್ಕೂ ಏನೋ ವ್ಯತ್ಯಾಸ ಇರಬೇಕು ಅಂದುಕೊಳ್ಳುತ್ತಾನೆ. ಹಾಗೆ ಅಂದುಕೊಳ್ಳುವುದು ಸರಿಯೂ ಹೌದು, ಏಕೆಂದರೆ ಪ್ರಯೋಗಾಲಯದಲ್ಲಿ ಅವೆರಡೂ ಬೇರೆಯೇ: ‘ವಾಶ್’ ಎಂದರೆ ಸೋಪಿನಿಂದಲೋ ಬ್ರಶ್‌ನಿಂದಲೋ ತೊಳೆಯುವುದು, ‘ರಿನ್ಸ್’ ಎಂದರೆ ಸ್ವಲ್ಪ ದ್ರವ ಹಾಕಿ ಒಳಗೋಡೆಗೆಲ್ಲ ತಾಗುವಂತೆ ಅಲುಗಾಡಿಸಿ ಚೆಲ್ಲುವುದು. ಸೂಚನೆಗಳಲ್ಲಿ ಪದ ಬದಲಾದರೆ ಕೆಲಸವೂ ಬದಲಾಗಿದೆ ಎಂದೇ ಅರ್ಥ. ವಿಮಾನಗಳ ನಿರ್ವಹಣಾ ಕೈಪಿಡಿಗಳಿಗಾಗಿ ರೂಪುಗೊಂಡ ಎಎಸ್‌ಡಿ-ಎಸ್‌ಟಿಇ100 ಎಂಬ ಸರಳ ತಾಂತ್ರಿಕ ಇಂಗ್ಲಿಷಿನ ಮಾನದಂಡದ ತಳಪಾಯವೇ ಇದು: ಒಂದು ಪದಕ್ಕೆ ಒಂದೇ ಅರ್ಥ, ಒಂದು ಅರ್ಥಕ್ಕೆ ಒಂದೇ ಪದ. ಲ್ಯಾಬ್ ಮ್ಯಾನುಯಲ್ ಅಷ್ಟು ಬಿಗಿಯಾಗಿರಬೇಕಿಲ್ಲ. ಆದರೆ ಹಂತಗಳನ್ನು ಬರೆಯುವ ಭಾಗದಲ್ಲಿ ಆ ಶಿಸ್ತಿನ ಹತ್ತಿರ ಹೋದಷ್ಟೂ ಒಳ್ಳೆಯದು.

ಎರಡನೆಯ ನಂಬಿಕೆ, ‘ಯುಟಿಲೈಸ್’ ಎಂದರೆ ‘ಯೂಸ್’ಗಿಂತ ವೈಜ್ಞಾನಿಕ ಎಂಬುದು. ಈ ಪದ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು 19ನೇ ಶತಮಾನದ ಆರಂಭದಲ್ಲಿ. ಕಚೇರಿ ಬರವಣಿಗೆಯಲ್ಲಿ ಓಡಾಡಿ ಓಡಾಡಿ ಅದಕ್ಕೊಂದು ಗಾಂಭೀರ್ಯ ಅಂಟಿಕೊಂಡಿದೆ, ಅಷ್ಟೆ. ವಿಜ್ಞಾನದಲ್ಲಿ ಅದಕ್ಕೆ ನಿಜವಾದ ಕೆಲಸ ಒಂದಿದೆ, ಮುಂದೆ ಹೇಳುತ್ತೇನೆ. ಆ ಕೆಲಸ ಪಿಪೆಟ್ ಹಿಡಿಯುವುದಂತೂ ಅಲ್ಲ.

ಈಗ ನಿಮ್ಮ ಕರಡಿಗೇ ಬರೋಣ. ಪೊಟ್ಯಾಸಿಯಂ ಪರ್ಮ್ಯಾಂಗನೇಟನ್ನು ಆಕ್ಸಾಲಿಕ್ ಆಮ್ಲದೊಂದಿಗೆ ಟೈಟ್ರೇಟ್ ಮಾಡುವ ಪ್ರಯೋಗ. ತಿದ್ದಿದ ಮೇಲೆ ನೀವು ಬರೆದದ್ದು ಹೀಗಿದೆ: ‘ಯುಟಿಲೈಸ್ ಎ ಪಿಪೆಟ್ ಟು ಟೇಕ್ 20 ಎಂಎಲ್ ಆಫ್ ಆಕ್ಸಾಲಿಕ್ ಆಸಿಡ್. ಅಪ್ಲೈ 20 ಎಂಎಲ್ ಆಫ್ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್. ಅಪ್ಲೈ ಹೀಟ್. ಎಂಪ್ಲಾಯ್ ಎ ಬ್ಯೂರೆಟ್ ಫಾರ್ ದ ಪರ್ಮ್ಯಾಂಗನೇಟ್ ಅಂಡ್ ಟೈಟ್ರೇಟ್.’

ನಾಲ್ಕು ವಾಕ್ಯ, ಅದರಲ್ಲಿ ಮೂರು ಬಗೆಯ ಪದ. ಇವನ್ನೆಲ್ಲ ತೆಗೆದು ಮತ್ತೆ ‘ಯೂಸ್’ ಹಾಕಿದರೂ ನಷ್ಟವೇನಿಲ್ಲ, ಲಾಭವೂ ಇಲ್ಲ. ಏಕೆಂದರೆ ಈ ಪ್ರಯೋಗ ಎಲ್ಲೆಲ್ಲಿ ಕೆಡುತ್ತದೋ ಸರಿಯಾಗಿ ಅಲ್ಲೇ ಈ ವಾಕ್ಯಗಳು ಮೌನವಾಗಿವೆ.

ಬ್ಯೂರೆಟ್ಟನ್ನೇ ತೆಗೆದುಕೊಳ್ಳಿ. ‘ಎಂಪ್ಲಾಯ್ ಎ ಬ್ಯೂರೆಟ್’ ಎಂದು ಓದಿದ ಹುಡುಗ ನೀರಿನಲ್ಲಿ ತೊಳೆದ ಬ್ಯೂರೆಟ್ಟಿಗೆ ನೇರವಾಗಿ ಪರ್ಮ್ಯಾಂಗನೇಟ್ ಸುರಿಯುತ್ತಾನೆ. ಗೋಡೆಗೆ ಅಂಟಿದ ನೀರು ದ್ರಾವಣವನ್ನು ತೆಳುವಾಗಿಸುತ್ತದೆ, ಆಗ ಅಂತ್ಯಬಿಂದು ಮುಟ್ಟಲು ಹೆಚ್ಚು ದ್ರಾವಣ ಬೇಕಾಗುತ್ತದೆ, ರೀಡಿಂಗ್ ಏರುತ್ತದೆ. ಅಲ್ಲಿ ಬರಬೇಕಾದ ಕ್ರಿಯಾಪದ ‘ರಿನ್ಸ್’: ಬ್ಯೂರೆಟ್ಟನ್ನು ಸ್ವಲ್ಪ ಪರ್ಮ್ಯಾಂಗನೇಟ್ ದ್ರಾವಣದಿಂದಲೇ ಎರಡು ಸಲ ಜಾಲಾಡಿ. ಆಮೇಲೆ ‘ಫಿಲ್’, ತುಂಬಿ. ತುದಿಯಲ್ಲಿ ಗಾಳಿಗುಳ್ಳೆ ಇದ್ದರೆ ಕೊಳಾಯಿ ತಿರುವಿ ಹೊರಹಾಕಿ. ಪಿಪೆಟ್ಟನ್ನೂ ಆಕ್ಸಾಲಿಕ್ ದ್ರಾವಣದಿಂದ ಜಾಲಾಡಬೇಕು. ಆದರೆ ಶಂಕುವಿನಾಕಾರದ ಫ್ಲಾಸ್ಕನ್ನು ಬಟ್ಟಿಯಿಳಿಸಿದ ನೀರಿನಿಂದ ಮಾತ್ರ. ಫ್ಲಾಸ್ಕನ್ನೂ ಆಕ್ಸಾಲಿಕ್ ದ್ರಾವಣದಿಂದ ಜಾಲಾಡಿದರೆ ಅಳೆದ 20 ಮಿ.ಲೀ. ಜೊತೆಗೆ ಅಳೆಯದ ಒಂದಿಷ್ಟು ಆಮ್ಲ ಉಳಿದುಬಿಡುತ್ತದೆ. ಈ ಮೂರು ಪಾತ್ರೆಗಳ ವ್ಯತ್ಯಾಸ ‘ಯೂಸ್’ನಲ್ಲೂ ಇಲ್ಲ, ಅದರ ಯಾವ ಸಮಾನಾರ್ಥಕದಲ್ಲೂ ಇಲ್ಲ.

‘ಯುಟಿಲೈಸ್ ಎ ಪಿಪೆಟ್ ಟು ಟೇಕ್’ ಎಂಬಷ್ಟು ಉದ್ದದ ಬದಲು ಇಂಗ್ಲಿಷಿನಲ್ಲಿ ‘ಪಿಪೆಟ್’ ಎಂಬುದನ್ನೇ ಕ್ರಿಯಾಪದ ಮಾಡಬಹುದು: ‘ಪಿಪೆಟ್ 20 ಎಂಎಲ್ ಆಫ್ ಆಕ್ಸಾಲಿಕ್ ಆಸಿಡ್ ಇಂಟು ಎ ಕಾನಿಕಲ್ ಫ್ಲಾಸ್ಕ್’. ಉಪಕರಣವೂ ಬಂತು, ಕೆಲಸವೂ ಬಂತು, ದ್ರಾವಣ ಎಲ್ಲಿಗೆ ಹೋಗಬೇಕು ಎಂಬುದೂ ಬಂತು. ನಿಮ್ಮ ಮೂಲ ವಾಕ್ಯದಲ್ಲಿ ಆಮ್ಲವನ್ನು ‘ತೆಗೆದುಕೊಂಡು’ ಎಲ್ಲಿಗೆ ಹಾಕಬೇಕು ಎಂಬುದೇ ಇರಲಿಲ್ಲ, ಗಮನಿಸಿದಿರಾ?

ಇನ್ನು ‘ಅಪ್ಲೈ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್’. ಇದು ಶೈಲಿಯ ದೋಷವಷ್ಟೇ ಅಲ್ಲ, ಪದವೇ ತಪ್ಪು. ಒಂದು ವಸ್ತುವಿನ ಮೇಲ್ಮೈಗೆ ಇನ್ನೊಂದನ್ನು ಹಚ್ಚುವಾಗ ‘ಅಪ್ಲೈ’ ಬರುತ್ತದೆ. ದ್ರಾವಣಕ್ಕೆ ದ್ರಾವಣ ಸೇರಿಸುವಾಗ ಬರುವುದು ‘ಆ್ಯಡ್’. ಇಲ್ಲಿ ಅದರ ಹೊರತು ಬೇರೆ ಯಾವುದನ್ನೂ ಹಾಕಬೇಡಿ, ಒಂದೇ ಪುಟದಲ್ಲಿ ಅದು ಎಷ್ಟು ಸಲ ಬಂದರೂ ಸರಿ.

‘ಅಪ್ಲೈ ಹೀಟ್’ ನಿಮ್ಮ ಕರಡಿನ ಅತ್ಯಂತ ಅಪಾಯದ ವಾಕ್ಯ. ವ್ಯಾಕರಣದಲ್ಲಿ ತಪ್ಪಿಲ್ಲ, ಭೌತಶಾಸ್ತ್ರದ ಪುಸ್ತಕಗಳಲ್ಲಿ ಈ ಪದಪ್ರಯೋಗ ಸಿಗುತ್ತದೆ ಕೂಡ. ಆದರೆ ಎಷ್ಟು ಬಿಸಿ ಮಾಡಬೇಕು ಎಂಬುದನ್ನು ಅದು ನುಂಗಿಹಾಕುತ್ತದೆ. ಪರ್ಮ್ಯಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ನಡುವಿನ ಕ್ರಿಯೆ ಕೋಣೆಯ ಉಷ್ಣತೆಯಲ್ಲಿ ಬಹಳ ನಿಧಾನ. ಮೊದಲ ಹನಿಗಳ ಬಣ್ಣ ಹೋಗಲು ಸಮಯ ಹಿಡಿಯುತ್ತದೆ, ಅದನ್ನು ಕಂಡ ವಿದ್ಯಾರ್ಥಿ ಅಂತ್ಯಬಿಂದು ಬಂದೇಬಿಟ್ಟಿತು ಅಂದುಕೊಳ್ಳುತ್ತಾನೆ. ಹಾಗೆಂದು ಕುದಿಸಿದರೆ ಆಕ್ಸಾಲಿಕ್ ಆಮ್ಲವೇ ವಿಘಟನೆಯಾಗತೊಡಗುತ್ತದೆ. ಆದ್ದರಿಂದ ‘ವಾರ್ಮ್’ ಎಂಬ ಕ್ರಿಯಾಪದ, ಅದರ ಬೆನ್ನಿಗೆ 60ರಿಂದ 70 ಡಿಗ್ರಿ ಸೆಲ್ಸಿಯಸ್ ಎಂಬ ಅಂಕಿ, ಕೊನೆಗೆ ‘ಕುದಿಸಬೇಡಿ’ ಎಂಬ ಎಚ್ಚರಿಕೆ. ‘ಹೀಟ್’ ಎಂದರೂ ನಡೆಯುತ್ತದೆ, ಅಂಕಿ ಜೊತೆಗಿದ್ದರೆ.

ಇಷ್ಟೆಲ್ಲ ತಿದ್ದಿದ ಮೇಲೆ ಆ ಭಾಗ ಹೀಗೆ ನಿಲ್ಲುತ್ತದೆ. ಕನ್ನಡದಲ್ಲೇ ಹೇಳುತ್ತೇನೆ, ನೀವು ಇಂಗ್ಲಿಷಿಗೆ ಇಳಿಸಿಕೊಳ್ಳಿ. ಬ್ಯೂರೆಟ್ಟನ್ನು ಪರ್ಮ್ಯಾಂಗನೇಟ್ ದ್ರಾವಣದಿಂದ ಜಾಲಾಡಿ ತುಂಬಿ. ತುದಿಯ ಗಾಳಿಗುಳ್ಳೆ ತೆಗೆದು, ಆರಂಭದ ರೀಡಿಂಗ್ ಬರೆದುಕೊಳ್ಳಿ. 20 ಮಿ.ಲೀ. ಆಕ್ಸಾಲಿಕ್ ಆಮ್ಲವನ್ನು ಶಂಕುವಿನಾಕಾರದ ಫ್ಲಾಸ್ಕಿಗೆ ಪಿಪೆಟ್ ಮಾಡಿ. 20 ಮಿ.ಲೀ. ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ. ಹೈಡ್ರೋಕ್ಲೋರಿಕ್ ಆಮ್ಲವನ್ನಾಗಲಿ ನೈಟ್ರಿಕ್ ಆಮ್ಲವನ್ನಾಗಲಿ ಬಳಸಬೇಡಿ. 60–70 ಡಿಗ್ರಿಗೆ ಬಿಸಿ ಮಾಡಿ, ಕುದಿಸಬೇಡಿ. ಫ್ಲಾಸ್ಕನ್ನು ಅಲುಗಾಡಿಸುತ್ತ, ತಿಳಿಗುಲಾಬಿ ಬಣ್ಣ ಸುಮಾರು 30 ಸೆಕೆಂಡ್ ಮಾಸದೆ ನಿಲ್ಲುವವರೆಗೆ ಟೈಟ್ರೇಟ್ ಮಾಡಿ. ದ್ರಾವಣದ ಬಣ್ಣ ಗಾಢವಾಗಿರುವುದರಿಂದ ಬ್ಯೂರೆಟ್ಟಿನಲ್ಲಿ ಮೇಲಿನ ಅಂಚಿನ ಮಟ್ಟವನ್ನು ಓದಿ.

ಇದರಲ್ಲಿ ‘ಬಳಸು’ ಎಂಬುದು ಒಂದೇ ಒಂದು ಸಲ ಬಂದಿದೆ, ಅದೂ ‘ಬಳಸಬೇಡಿ’ ಎಂದು. ಅದನ್ನು ಬೇಕೆಂದೇ ಉಳಿಸಿದ್ದೇನೆ. ಯಾವ ಆಮ್ಲ ಎಂಬ ಆಯ್ಕೆ ಮುಖ್ಯವಾದ ಜಾಗ ಅದು. ಹೈಡ್ರೋಕ್ಲೋರಿಕ್ ಆಮ್ಲದ ಕ್ಲೋರೈಡನ್ನು ಪರ್ಮ್ಯಾಂಗನೇಟ್ ಉತ್ಕರ್ಷಿಸುತ್ತದೆ, ನೈಟ್ರಿಕ್ ಆಮ್ಲ ತಾನೇ ಉತ್ಕರ್ಷಕ, ಎರಡರಲ್ಲೂ ಲೆಕ್ಕ ತಪ್ಪುತ್ತದೆ. ‘ಯೂಸ್’ ಎಂಬ ಪದದ ನಿಜವಾದ ಜಾಗ ಇದೇ: ಕೈಗೆ ಸಿಗಬಹುದಾದ ಎರಡು ಮೂರು ವಸ್ತುಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಎಂದು ಹೇಳುವಾಗ. ‘ಯೂಸ್ ಎ ಪಿಪೆಟ್, ನಾಟ್ ಎ ಮೆಷರಿಂಗ್ ಸಿಲಿಂಡರ್’ ಎಂಬ ವಾಕ್ಯದಲ್ಲಿ ಆ ಪದವನ್ನು ಯಾವುದರಿಂದಲೂ ಬದಲಿಸಬೇಕಾಗಿಲ್ಲ. ಆಯ್ಕೆ ಮುಖ್ಯವಲ್ಲದ ಕಡೆ ಉಪಕರಣದ ಹೆಸರಿನ ಹಿಂದೆ ‘ವಿತ್’ ಇಟ್ಟರೆ ಸಾಕು: ತಂತಿಯ ವ್ಯಾಸವನ್ನು ಸ್ಕ್ರೂಗೇಜ್‌ನಿಂದ ಅಳೆಯಿರಿ. ಕನ್ನಡದ ‘ಇಂದ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಮ್ಯಾನುಯಲ್‌ಗಳಲ್ಲಿ ಕಾಣುವ ‘ಯೂಸ್’ಗಳಲ್ಲಿ ದೊಡ್ಡ ಪಾಲು ಹೀಗೆ ‘ವಿತ್’ ಆಗಿ ಕರಗಿಹೋಗುತ್ತವೆ. ತಿದ್ದುವ ಕೆಲಸದಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ.

‘ಅಪ್ಲೈ’ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನೀವು ಕೇಳಿದ ಮೂರರಲ್ಲಿ ಲ್ಯಾಬ್ ಮ್ಯಾನುಯಲ್‌ಗೆ ನಿಜವಾಗಿ ಬೇಕಾದ ಪದ ಇದೊಂದೇ, ಅತಿ ಹೆಚ್ಚು ತಪ್ಪಾಗುವುದೂ ಇದರಲ್ಲೇ. ಇದಕ್ಕೆ ಕನ್ನಡ ಬಲ್ಲವರಿಗೆ ಒಂದು ಸುಲಭದ ಪರೀಕ್ಷೆಯಿದೆ. ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ. ಅಲ್ಲಿ ‘ಹಚ್ಚು’ ಅಥವಾ ‘ಸವರು’ ಬಂದರೆ ‘ಅಪ್ಲೈ’ ಸರಿ. ವೋಲ್ಟೇಜ್, ಬಲ, ಒತ್ತಡಗಳ ವಿಷಯದಲ್ಲಿ ‘ಕೊಡು’ ಅಥವಾ ‘ಹಾಕು’ ಬಂದರೂ ಸರಿ. ನಿಯಮ, ಸೂತ್ರ, ತಿದ್ದುಪಡಿಗಳ ವಿಷಯದಲ್ಲಿ ‘ಅನ್ವಯಿಸು’ ಬಂದರೂ ಸರಿ. ‘ಸೇರಿಸು’, ‘ಸುರಿ’, ‘ಬಿಸಿ ಮಾಡು’, ‘ಹರಿಸು’ ಅಥವಾ ಬರೀ ‘ಬಳಸು’ ಬಂದರೆ ಅಲ್ಲಿ ‘ಅಪ್ಲೈ’ಗೆ ಜಾಗವಿಲ್ಲ.

ಹಚ್ಚುವ ಅರ್ಥದ ಒಳ್ಳೆಯ ಉದಾಹರಣೆ ಗಾಜಿನ ಬ್ಯೂರೆಟ್ಟಿನ ಕೊಳಾಯಿ. ಅದಕ್ಕೆ ಗ್ರೀಸ್ ಅಪ್ಲೈ ಮಾಡಬೇಕು, ತೆಳುವಾಗಿ, ನಡುವಿನ ರಂಧ್ರದ ಹತ್ತಿರ ಬಾರದಂತೆ. ಇಲ್ಲಿ ‘ಯೂಸ್ ಗ್ರೀಸ್’ ಎಂದರೆ ಎಲ್ಲಿಗೆ, ಎಷ್ಟು ಎಂಬುದು ತಿಳಿಯದೆ ವಿದ್ಯಾರ್ಥಿ ರಂಧ್ರವನ್ನೇ ಮುಚ್ಚಿಬಿಡುತ್ತಾನೆ. ತೆಳುಪದರ ಕ್ರೊಮ್ಯಾಟೋಗ್ರಫಿಯಲ್ಲಿ ಮಾದರಿಯನ್ನು ಕ್ಯಾಪಿಲರಿ ನಳಿಕೆಯಿಂದ ಆಧಾರರೇಖೆಯ ಮೇಲೆ ಚುಕ್ಕೆಯಾಗಿ ಇಡುವುದಕ್ಕೂ ಇಂಗ್ಲಿಷಿನಲ್ಲಿ ‘ಅಪ್ಲೈ’ಯೇ ರೂಢಿಯ ಪದ. ಚುಕ್ಕೆ ಒಣಗಲು ಬಿಟ್ಟು ಅದೇ ಜಾಗಕ್ಕೆ ಮತ್ತೆ ಅಪ್ಲೈ ಮಾಡಿ ಎಂದು ಬರೆಯುತ್ತೇವೆ. ಒಣಗಿಸದೆ ಒಂದೇ ಸಲ ಹೆಚ್ಚು ಹಾಕಿದರೆ ಚುಕ್ಕೆ ಹರಡಿಕೊಂಡು, ಮೇಲೇರುವಾಗ ಪಕ್ಕದ ಚುಕ್ಕೆಗಳೊಂದಿಗೆ ಬೆರೆಯುತ್ತದೆ. ಬ್ಯಾಕ್ಟೀರಿಯಾಗಳಿಗೆ ಗ್ರಾಮ್ ಬಣ್ಣ ಕೊಡುವಾಗ ಮಾತ್ರ ‘ಅಪ್ಲೈ ಕ್ರಿಸ್ಟಲ್ ವಯೊಲೆಟ್’ ಎಂಬುದು ಸಾಲದು. ಅಲ್ಲಿ ಸ್ಮಿಯರ್ ಪೂರ್ತಿ ಮುಳುಗುವಂತೆ ಬಣ್ಣ ಹಾಕಬೇಕು, ಅದಕ್ಕೆ ‘ಫ್ಲಡ್’ ಎಂಬ ಪದವಿದೆ. ಒಂದು ಹನಿ ಇಟ್ಟು ಸುಮ್ಮನಾಗುವವರು ಇರುತ್ತಾರೆ.

ವೋಲ್ಟೇಜ್ ವಿಷಯದಲ್ಲಿ ಪದ ತಪ್ಪಿದರೆ ಪರಿಕಲ್ಪನೆಯೇ ತಪ್ಪುತ್ತದೆ. ವಿಭವಾಂತರವನ್ನು ತಂತಿಯ ಎರಡು ತುದಿಗಳ ನಡುವೆ ಕೊಡುತ್ತೇವೆ, ವಿದ್ಯುತ್ ಪ್ರವಾಹವನ್ನು ತಂತಿಯ ಮೂಲಕ ಹರಿಸುತ್ತೇವೆ. ಇಂಗ್ಲಿಷಿನಲ್ಲೂ ಹಾಗೆಯೇ: ವೋಲ್ಟೇಜಿಗೆ ‘ಅಪ್ಲೈ’ ಮತ್ತು ‘ಅಕ್ರಾಸ್’, ಕರೆಂಟಿಗೆ ‘ಪಾಸ್’ ಮತ್ತು ‘ಥ್ರೂ’. ಸಂಶೋಧನಾ ಬರಹದಲ್ಲಿ ‘ಅಪ್ಲೈಡ್ ಕರೆಂಟ್’ ಕಾಣಸಿಗುತ್ತದೆ ನಿಜ. ಆದರೆ ವೋಲ್ಟ್‌ಮೀಟರನ್ನು ಸಮಾಂತರವಾಗಿ ಜೋಡಿಸಬೇಕೋ ಸರಣಿಯಲ್ಲೋ ಎಂದು ಇನ್ನೂ ತಡಕಾಡುತ್ತಿರುವವರಿಗೆ ಬರೆಯುವಾಗ ಎರಡಕ್ಕೂ ಒಂದೇ ಪದ ಬೇಡ. ಬಲದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಿದ್ಧಾಂತದ ಭಾಗದಲ್ಲಿ ‘ತಂತಿಗೆ ಅಪ್ಲೈ ಮಾಡಿದ ಬಲ’ ಸರಿ. ಆದರೆ ಹಂತಗಳಲ್ಲಿ ವಿದ್ಯಾರ್ಥಿ ಬಲವನ್ನು ಅಪ್ಲೈ ಮಾಡುವುದಿಲ್ಲ, ಹ್ಯಾಂಗರಿಗೆ ಅರ್ಧ ಕೆ.ಜಿ. ತೂಕ ಸೇರಿಸುತ್ತಾನೆ. ಒಂದೇ ಸಂಗತಿಗೆ ಎರಡು ಭಾಗಗಳಲ್ಲಿ ಎರಡು ಕ್ರಿಯಾಪದ, ಎರಡೂ ಸರಿ, ಏಕೆಂದರೆ ಒಂದು ತಲೆಗೆ ಹೇಳಿದ್ದು, ಇನ್ನೊಂದು ಕೈಗೆ.

ಅನ್ವಯಿಸುವ ಅರ್ಥಕ್ಕೆ ಸ್ಕ್ರೂಗೇಜಿನ ಶೂನ್ಯದೋಷ ನೋಡಿ. ‘ಅಪ್ಲೈ ದ ಝೀರೋ ಕರೆಕ್ಷನ್’ ಎಂಬುದು ಒಪ್ಪಿತ ಪದಪ್ರಯೋಗ, ಪದ ಸರಿಯಾಗಿದೆ. ಆದರೂ ಅದನ್ನು ಹಾಗೆಯೇ ಬಿಟ್ಟರೆ ಕೂಡಬೇಕೋ ಕಳೆಯಬೇಕೋ ಎಂಬ ಗೊಂದಲ ಉಳಿಯುತ್ತದೆ. ಶೂನ್ಯದೋಷ +0.03 ಮಿ.ಮೀ. ಇದ್ದು ರೀಡಿಂಗ್ 1.26 ಬಂದರೆ ವ್ಯಾಸ 1.23. ಶೂನ್ಯದೋಷ –0.02 ಇದ್ದರೆ ಅದೇ ರೀಡಿಂಗಿಗೆ ವ್ಯಾಸ 1.28. ಎರಡೂ ಸಲ ಮಾಡಿದ್ದು ಒಂದೇ ಕೆಲಸ: ದೋಷವನ್ನು ಅದರ ಚಿಹ್ನೆಯೊಂದಿಗೆ ಕಳೆದದ್ದು. ಆದ್ದರಿಂದ ‘ಅಪ್ಲೈ’ ವಾಕ್ಯದ ಬೆನ್ನಿಗೇ ‘ಚಿಹ್ನೆಸಮೇತ ಕಳೆಯಿರಿ’ ಎಂಬುದನ್ನು ಸೇರಿಸಿ. ಪದ ಸರಿಯಿದ್ದ ಮಾತ್ರಕ್ಕೆ ಸೂಚನೆ ಪೂರ್ತಿಯಾಯಿತು ಎಂದಲ್ಲ. ಸೂತ್ರದ ವಿಷಯದಲ್ಲೂ ಒಂದು ಮಾತು. ಹೆಸ್ಸನ ನಿಯಮದಂಥ ನಿಯಮವನ್ನು ಒಂದು ಸಂದರ್ಭಕ್ಕೆ ಅನ್ವಯಿಸುವಾಗ ‘ಅಪ್ಲೈ’. ಸೂತ್ರಕ್ಕೆ ಬರೀ ಅಂಕಿಗಳನ್ನು ಹಾಕಿ ಲೆಕ್ಕ ಮಾಡುವಾಗ ‘ಕ್ಯಾಲ್ಕ್ಯುಲೇಟ್ ಫ್ರಮ್’ ಅಥವಾ ‘ಸಬ್‌ಸ್ಟಿಟ್ಯೂಟ್’ ಇನ್ನೂ ಸ್ಪಷ್ಟ. ‘ಯೂಸ್ ದ ಫಾರ್ಮುಲಾ’ ಕೂಡ ತಪ್ಪಲ್ಲ.

‘ಎಂಪ್ಲಾಯ್’ ಪದಕ್ಕೆ ಮ್ಯಾನುಯಲ್‌ನಲ್ಲಿ ಇರುವುದು ಸಣ್ಣ ಜಾಗ. ವಿಧಾನ, ತಂತ್ರ, ತತ್ವಗಳ ಜೊತೆ ಅದು ಹೊಂದುತ್ತದೆ, ಅದರಲ್ಲೂ ಆ ವಿಧಾನವನ್ನೇ ಏಕೆ ಆರಿಸಿಕೊಂಡೆವು ಎಂಬ ಕಾರಣ ಜೊತೆಗಿದ್ದಾಗ. ಮೀಟರ್ ಬ್ರಿಜ್ ಪ್ರಯೋಗದ ಪೀಠಿಕೆಯಲ್ಲಿ ‘ಇಲ್ಲಿ ಶೂನ್ಯ ವಿಚಲನೆಯ ವಿಧಾನವನ್ನು ಎಂಪ್ಲಾಯ್ ಮಾಡಲಾಗಿದೆ, ಹಾಗಾಗಿ ಗ್ಯಾಲ್ವನೋಮೀಟರಿನ ಅಂಶಾಂಕನ ಫಲಿತಾಂಶವನ್ನು ಕೆಡಿಸುವುದಿಲ್ಲ’ ಎಂದು ಬರೆದರೆ ಆ ಪದಕ್ಕೆ ತೂಕವಿದೆ. ಯಾರೋ ಯೋಚಿಸಿ ಒಂದು ವಿಧಾನವನ್ನು ನಿಯೋಜಿಸಿದ್ದಾರೆ ಎಂಬ ಧ್ವನಿ ಅದರಲ್ಲಿದೆ, ಜನರನ್ನು ಕೆಲಸಕ್ಕೆ ನೇಮಿಸುವುದಕ್ಕೂ ಅದೇ ಪದ ಬರುವುದು ಆಕಸ್ಮಿಕವಲ್ಲ. ಆದ್ದರಿಂದಲೇ ಆಜ್ಞಾರೂಪದಲ್ಲಿ, ಒಂದು ಬೀಕರಿನ ಮುಂದೆ, ‘ಎಂಪ್ಲಾಯ್ ಎ ಬೀಕರ್’ ಎಂದರೆ ಕಿವಿಗೆ ಹೊಡೆಯುತ್ತದೆ. ನನ್ನ ಸಲಹೆ: ಪೀಠಿಕೆ ಮತ್ತು ಸಿದ್ಧಾಂತದಲ್ಲಿ ಬೇಕೆನಿಸಿದರೆ ಇರಲಿ, ಹಂತಗಳಲ್ಲಿ ಒಂದೂ ಬೇಡ. ಪೀಠಿಕೆಯಲ್ಲೂ ‘ಯೂಸ್ಡ್’ ಎಂದರೆ ಕಳೆದುಕೊಳ್ಳುವುದು ಬಹಳ ಕಡಿಮೆ.

ಇನ್ನು ‘ಯುಟಿಲೈಸ್’. ಸೂಕ್ಷ್ಮಜೀವಿಶಾಸ್ತ್ರದ ಸಹೋದ್ಯೋಗಿಗಳನ್ನು ಕೇಳಿ, ಆ ಪದ ಅವರಿಗೆ ದಿನನಿತ್ಯದ್ದು. ಸಿಟ್ರೇಟ್ ಯುಟಿಲೈಸೇಶನ್ ಪರೀಕ್ಷೆ ಎಂಬುದೇ ಒಂದಿದೆ. ಸಿಮ್ಮನ್ಸ್ ಸಿಟ್ರೇಟ್ ಅಗಾರಿನಲ್ಲಿ ಬ್ಯಾಕ್ಟೀರಿಯಾಗೆ ಸಿಗುವ ಇಂಗಾಲದ ಮೂಲ ಸಿಟ್ರೇಟ್ ಒಂದೇ, ಸಾರಜನಕದ ಮೂಲ ಅಮೋನಿಯಂ ಲವಣ ಒಂದೇ. ಸಿಟ್ರೇಟನ್ನು ಒಳಗೆಳೆದುಕೊಂಡು ಅದರಿಂದಲೇ ಬದುಕಬಲ್ಲ ಜೀವಿ ಮಾತ್ರ ಅಲ್ಲಿ ಬೆಳೆಯುತ್ತದೆ. ಬೆಳೆದಾಗ ಮಾಧ್ಯಮ ಕ್ಷಾರೀಯವಾಗಿ, ಅದರಲ್ಲಿರುವ ಬ್ರೋಮೋಥೈಮಾಲ್ ಬ್ಲೂ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ನೀಲಿ ಕೊಡುತ್ತದೆ, ಇ. ಕೋಲೈ ಸಾಮಾನ್ಯವಾಗಿ ಹಸಿರಾಗಿಯೇ ಉಳಿಸುತ್ತದೆ. ಇಲ್ಲಿ ‘ಯುಟಿಲೈಸ್’ ಎಂದರೆ ಒಂದು ವಸ್ತುವನ್ನು ಜೀರ್ಣಿಸಿಕೊಂಡು ತನ್ನದಾಗಿಸಿಕೊಳ್ಳುವುದು. ಸಸ್ಯ ಬೆಳಕಿನ ಶಕ್ತಿಯನ್ನು, ಯೀಸ್ಟ್ ಗ್ಲೂಕೋಸನ್ನು ಯುಟಿಲೈಸ್ ಮಾಡುವುದೂ ಇದೇ ಅರ್ಥದಲ್ಲಿ. ಇಲ್ಲದಿದ್ದರೆ ವ್ಯರ್ಥವಾಗುತ್ತಿದ್ದ ಏನನ್ನೋ ಪ್ರಯೋಜನಕ್ಕೆ ತಂದುಕೊಳ್ಳುವುದು ಅದರ ಇನ್ನೊಂದು ಅರ್ಥ, ಕ್ರಿಯೆಯಿಂದ ಹೊರಬೀಳುವ ಶಾಖವನ್ನು ಇನ್ನೊಂದನ್ನು ಬಿಸಿಮಾಡಲು ಬಳಸಿಕೊಳ್ಳುವ ಹಾಗೆ. ಕನ್ನಡದ ‘ಬಳಸು’ ಮತ್ತು ‘ಬಳಸಿಕೊಳ್ಳು’ ಎರಡರ ನಡುವಿನ ಅಂತರ ನಿಮ್ಮ ಕಿವಿಗೆ ಗೊತ್ತಿದೆಯಲ್ಲ, ಸುಮಾರಾಗಿ ಅದೇ.

ಇದರಲ್ಲೊಂದು ಪ್ರಾಯೋಗಿಕ ಎಚ್ಚರಿಕೆಯಿದೆ. ಅದೇ ಸಿಟ್ರೇಟ್ ಪ್ರಯೋಗದ ಹಂತಗಳಲ್ಲಿ ‘ಯುಟಿಲೈಸ್ ಎ ಸ್ಟೆರೈಲ್ ಲೂಪ್’ ಎಂದೂ ಬರೆದು, ಫಲಿತಾಂಶದಲ್ಲಿ ‘ದ ಆರ್ಗ್ಯಾನಿಸಂ ಯುಟಿಲೈಸಸ್ ಸಿಟ್ರೇಟ್’ ಎಂದೂ ಬರೆದರೆ, ತಾಂತ್ರಿಕ ಪದ ಮತ್ತು ಅಲಂಕಾರದ ಪದ ಒಂದೇ ಪುಟದಲ್ಲಿ ಬೆರೆತುಹೋಗುತ್ತವೆ. ಬ್ಯಾಕ್ಟೀರಿಯಾದ ಸಲುವಾಗಿ ಆ ಪದವನ್ನು ಕಾಯ್ದಿರಿಸಿ.

ನಿಮ್ಮ ಮುಂದೆ ಈಗ ಮೂರು ದಾರಿಗಳಿವೆ. ಎಲ್ಲ ಕಡೆ ‘ಯೂಸ್’ ವಾಪಸ್ ಹಾಕಿಬಿಡಬಹುದು. ಯಾರಿಗೂ ತಪ್ಪರ್ಥವಾಗುವುದಿಲ್ಲ, ಆದರೆ ಹೇಳದೇ ಉಳಿದದ್ದು ಉಳಿದೇ ಇರುತ್ತದೆ. ಈಗಿರುವಂತೆ ಸಮಾನಾರ್ಥಕಗಳನ್ನು ಹಂಚಿ ಬಿಡಬಹುದು. ಹಿರಿಯರಿಗೆ ಸಮಾಧಾನವಾದೀತು, ಆದರೆ ವಿದ್ಯಾರ್ಥಿಗಳು ‘ಯುಟಿಲೈಸ್ಡ್’, ‘ಎಂಪ್ಲಾಯ್ಡ್’ ಎಂಬುದನ್ನು ರೆಕಾರ್ಡಿಗೂ ಹಾಗೇ ಇಳಿಸಿಕೊಳ್ಳುತ್ತಾರೆ, ಅಲ್ಲಿಂದ ಪ್ರಾಜೆಕ್ಟ್ ವರದಿಗೂ. ಮೂರನೆಯದು ಪ್ರತಿ ‘ಯೂಸ್’ ಇದ್ದ ಜಾಗದಲ್ಲಿ ನಿಜವಾದ ಕೆಲಸದ ಕ್ರಿಯಾಪದವನ್ನು ಹುಡುಕಿ ಹಾಕುವುದು. ನಾನು ಇದನ್ನೇ ಹೇಳುತ್ತೇನೆ, ಆದರೆ ಇದಕ್ಕೂ ಬೆಲೆಯಿದೆ. ಪಠ್ಯ ಬೆಳೆಯುತ್ತದೆ. ನಿಮ್ಮ ನಾಲ್ಕು ವಾಕ್ಯ ಮೇಲೆ ಎಷ್ಟಾಯಿತು ನೋಡಿ. ಪುಟದ ಮಿತಿ ಇದ್ದರೆ, ಬ್ಯೂರೆಟ್ ಪಿಪೆಟ್ ಜಾಲಾಡುವ ಸೂಚನೆಗಳನ್ನು ಮ್ಯಾನುಯಲ್ಲಿನ ಆರಂಭದಲ್ಲಿ ಒಮ್ಮೆ ಪೂರ್ತಿಯಾಗಿ ಬರೆದು, ಆಮೇಲೆ ಪ್ರತಿ ಪ್ರಯೋಗದಲ್ಲಿ ಒಂದೇ ಸಾಲಿನಲ್ಲಿ ನೆನಪಿಸಿ. ವರ್ಷದ ಎರಡನೇ ಅರ್ಧಕ್ಕೆ ಬರುವ ಪ್ರಯೋಗಗಳಲ್ಲಿ ಆ ಒಂದು ಸಾಲೂ ಬೇಡವಾಗಬಹುದು.

ಕೆಲಸ ಶುರುಮಾಡುವಾಗ ಕಂಪ್ಯೂಟರಿನಲ್ಲಿ ‘ಯೂಸ್’, ‘ಯೂಸಿಂಗ್’, ‘ಯೂಸ್ಡ್’ ಮೂರನ್ನೂ ಹುಡುಕಿ, ಒಂದೊಂದರಲ್ಲೂ ನಿಲ್ಲಿ. ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸುವ ಸೌಲಭ್ಯದ ಹತ್ತಿರ ಹೋಗಬೇಡಿ. ‘ಯೂಸಿಂಗ್’ನಲ್ಲಿ ಇನ್ನೊಂದು ಕೊಂಡಿಯಿದೆ. ‘ಯೂಸಿಂಗ್ ಎ ಸ್ಟಾಪ್‌ವಾಚ್, ದ ಟೈಮ್ ವಾಸ್ ನೋಟೆಡ್’ ಎಂಬಂಥ ವಾಕ್ಯದಲ್ಲಿ ಸ್ಟಾಪ್‌ವಾಚ್ ಹಿಡಿದವರು ಯಾರೆಂಬುದೇ ಇಲ್ಲ, ವ್ಯಾಕರಣದ ಪ್ರಕಾರ ಸಮಯವೇ ಸ್ಟಾಪ್‌ವಾಚ್ ಹಿಡಿದಂತಾಗುತ್ತದೆ. ‘ನೋಟ್ ದ ಟೈಮ್ ವಿತ್ ಎ ಸ್ಟಾಪ್‌ವಾಚ್’ ಎಂದರೆ ಮುಗಿಯಿತು.

ತಿದ್ದಿದ ಮೇಲೆ, ಈ ಪ್ರಯೋಗವನ್ನು ಹಿಂದೆ ಮಾಡಿರದ ಒಬ್ಬ ವಿದ್ಯಾರ್ಥಿಯ ಕೈಗೆ ಆ ಪುಟ ಕೊಟ್ಟು ಪ್ರಯೋಗ ಮಾಡಲು ಹೇಳಿ. ನೀವು ಪಕ್ಕದಲ್ಲಿ ನಿಂತು ಬಾಯಿ ಬಿಡದೆ ನೋಡಿ, ಸುರಕ್ಷತೆಯ ವಿಷಯ ಬಂದರೆ ಮಾತ್ರ ತಡೆಯಿರಿ. ಅವರ ಕೈ ಎಲ್ಲಿ ನಿಲ್ಲುತ್ತದೋ, ಎಲ್ಲಿ ಪಕ್ಕದವರ ಮುಖ ನೋಡುತ್ತಾರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಆ ಗುರುತುಗಳ ಪಕ್ಕ ಇರುವ ಕ್ರಿಯಾಪದಗಳನ್ನೇ ಮೊದಲು ತಿದ್ದಿ. ಹಿರಿಯ ಸಹೋದ್ಯೋಗಿಗೂ ಆ ಪುಟವನ್ನು ತೋರಿಸಿ. ಪದ ಏಕೆ ಬದಲಾಯಿತು, ಏಕೆ ಬದಲಾಗಲಿಲ್ಲ ಎಂಬುದಕ್ಕೆ ನಿಮ್ಮ ಹತ್ತಿರ ಆಗ ಕಾರಣ ಇರುತ್ತದೆ.

ಕೊನೆಯದಾಗಿ ಒಂದು ಸಣ್ಣ ವಿಷಯ. ‘ಯುಟಿಲೈಸ್’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎಸ್ ಮತ್ತು ಝೆಡ್ ಎರಡು ಕಾಗುಣಿತಗಳಿವೆ, ನಿಮ್ಮ ಕರಡಿನಲ್ಲಿ ಎರಡೂ ಇವೆ. ‘ನ್ಯೂಟ್ರಲೈಸ್’, ‘ಆಕ್ಸಿಡೈಸ್’, ‘ಕ್ರಿಸ್ಟಲೈಸ್’ಗಳಿಗೂ ಇದೇ ಕಥೆ. ಯಾವುದಾದರೂ ಒಂದನ್ನು ಆರಿಸಿ, ಪುಸ್ತಕದುದ್ದಕ್ಕೂ ಅದನ್ನೇ ಇಡಿ.